‘ಬೇಜಾರ್ ಅಷ್ಟೇ, ಟೀಚರ್’

ನನ್ನ ಸಂಶೋಧನಾ ಪ್ರಬಂಧಕ್ಕಾಗಿ ನಡೆಸಿದ ಮೊದಲ ಗುಂಪು ಚರ್ಚೆಯ ಧ್ವನಿಮುದ್ರಣ 41 ನಿಮಿಷದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನದೇ ಮಾತು. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಹುಡುಗ ಹುಡುಗಿಯರನ್ನು ಒಟ್ಟಿಗೆ ಬೆಂಚುಗಳಲ್ಲಿ ಕೂರಿಸಿ, ‘ಮಾನಸಿಕ ಆರೋಗ್ಯ ಎಂದರೆ ನಿಮಗೆ ಏನು ಅನ್ನಿಸುತ್ತದೆ?’ ಎಂದು ಕೇಳಿದ್ದೆ. ‘ನಮ್ಮಲ್ಲಿ ಯಾರಿಗೂ ಮರ್ಲ್ ಇಲ್ಲ ಟೀಚರ್’ ಎಂದ ಒಬ್ಬ. ಎಲ್ಲರೂ ನಕ್ಕರು. ಚರ್ಚೆ ಅಲ್ಲಿಗೇ ಮುಗಿದಿತ್ತು. ತುಳುವಿನ ‘ಮರ್ಲ್’ ಎಂದರೆ ಹುಚ್ಚು. ನನ್ನ ಪ್ರಶ್ನೆ ಅವರಿಗೆ ಕೇಳಿಸಿದ್ದೇ ಹಾಗೆ. ಹಿಂದಿನ ಬೆಂಚಿನಲ್ಲಿ ಅವರ ತರಗತಿ ಶಿಕ್ಷಕಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಅವರನ್ನು ಹೊರಗೆ ಹೋಗಿ ಎನ್ನಲು ನನಗೆ ಸಂಕೋಚವಾಗಿತ್ತು.

ಆ ಮುದ್ರಣವನ್ನು ವಿಶ್ಲೇಷಣೆಗೆ ಬಳಸಲಿಲ್ಲ. ಮುಂದಿನ ಐದು ಗುಂಪುಗಳನ್ನು ಬೇರೆಯಾಗಿ ಕಟ್ಟಿದೆ: ಒಂಬತ್ತನೇ ತರಗತಿಯವರು ಮಾತ್ರ, ಹುಡುಗಿಯರು ಬೇರೆ, ಹುಡುಗರು ಬೇರೆ, ಗುಂಪಿಗೆ ಆರೇಳು ಮಂದಿ. ಶನಿವಾರ, ಗ್ರಂಥಾಲಯದಲ್ಲಿ, ಚಾಪೆಯ ಮೇಲೆ ವೃತ್ತಾಕಾರವಾಗಿ. ಹದಿನೆಂಟು ತುಂಬದವರಾದ್ದರಿಂದ ಹೆತ್ತವರ ಒಪ್ಪಿಗೆ, ಅದರ ಜೊತೆಗೆ ಮಕ್ಕಳ ಸ್ವಂತ ಸಮ್ಮತಿ, ಎರಡೂ ಲಿಖಿತವಾಗಿ ಬೇಕು. ನನ್ನ ಒಪ್ಪಿಗೆ ಪತ್ರ ಕನ್ನಡದಲ್ಲಿ ಮಾತ್ರ ಇತ್ತು. ಕೆಲವು ಮನೆಗಳಲ್ಲಿ ತಾಯಿಗೆ ಓದಲು ಬರುತ್ತಿದ್ದದ್ದು ಮಲಯಾಳ. ಓದಲಾಗದ ಪತ್ರಕ್ಕೆ ಹಾಕಿದ ಸಹಿ ಒಪ್ಪಿಗೆಯಲ್ಲ ಎಂದು ಎರಡೂ ಭಾಷೆಗಳಲ್ಲಿ ಮತ್ತೆ ಅಚ್ಚು ಹಾಕಿಸಿದೆ.

ಪ್ರಶ್ನೆಯ ಬದಲು ಒಂದು ಪುಟ್ಟ ಕತೆ ಬರೆದುಕೊಂಡೆ. ಶ್ವೇತಾ ಎರಡು ತಿಂಗಳಿಂದ ಆಟಕ್ಕೆ ಬರುತ್ತಿಲ್ಲ, ಬುತ್ತಿ ಹಾಗೆಯೇ ಮನೆಗೆ ವಾಪಸು ಹೋಗುತ್ತದೆ, ರಾತ್ರಿ ನಿದ್ದೆಯಿಲ್ಲ. (ಗುಂಪಿನಲ್ಲಿ ಯಾರಿಗೂ ಆ ಹೆಸರಿಲ್ಲ ಎಂದು ಮೊದಲೇ ನೋಡಿಕೊಂಡಿದ್ದೆ.) ಇವಳಿಗೆ ಏನಾಗಿರಬಹುದು, ಯಾರ ಹತ್ತಿರ ಹೇಳಿಯಾಳು, ಹೇಳಿದರೆ ಏನಾದೀತು? ಈ ಮೂರನೆಯ ಪ್ರಶ್ನೆಗೇ ಹೆಚ್ಚು ಮಾತು ಬಂತು. ನಿಮ್ಮ ಸ್ವಂತ ವಿಷಯ ಹೇಳಬೇಕಾಗಿಲ್ಲ ಎಂದು ಆರಂಭದಲ್ಲೇ ಹೇಳುತ್ತಿದ್ದೆ. ನಾನು ಯಾರಿಗೂ ಹೇಳುವುದಿಲ್ಲ, ಆದರೆ ಇಲ್ಲಿರುವ ಉಳಿದವರ ಬಾಯಿಗೆ ಬೀಗ ಹಾಕಲಾರೆ. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ನಾನೂ ಸುಮ್ಮನಿರುವಂತಿಲ್ಲ ಎಂದೂ ಹೇಳುತ್ತಿದ್ದೆ.

ಹಾಗಿದ್ದೂ ಒಂದು ಗುಂಪಿನಲ್ಲಿ, ‘ಅವಳಿಗೆ ಬದುಕುವುದೇ ಬೇಡ ಅನ್ನಿಸಿರಬಹುದು’ ಎಂದ ಹುಡುಗಿ ಸ್ವಲ್ಪ ತಡೆದು, ‘ಓಣಂ ಪರೀಕ್ಷೆ ಆದ ಮೇಲೆ ನನಗೂ’ ಎಂದಳು. ಆಗ ಕೆದಕಬಾರದು, ಕೇಳಿಸದವರಂತೆ ಮುಂದಕ್ಕೂ ಹೋಗಬಾರದು. ‘ನೀನು ಹೇಳಿದ್ದು ಕೇಳಿಸಿತು, ಮುಗಿದ ಮೇಲೆ ನಾವಿಬ್ಬರೇ ಮಾತನಾಡೋಣ’ ಎಂದು ಮಾತನ್ನು ಮತ್ತೆ ಶ್ವೇತಾಳ ಕಡೆಗೆ ತಿರುಗಿಸಿದೆ. ಆಮೇಲೆ ಅವಳೊಬ್ಬಳನ್ನೇ ಕೂರಿಸಿ, ಈಗಲೂ ಹಾಗೆ ಅನ್ನಿಸುತ್ತದೆಯೇ, ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವ ಭಯಕ್ಕೆ ಆಧಾರವಿಲ್ಲ. ಅವಳಿಗೆ ತಿಳಿಸಿಯೇ, ಮೊದಲೇ ಮಾತನಾಡಿಟ್ಟಿದ್ದ ಆಪ್ತಸಮಾಲೋಚಕಿಯನ್ನು ಅದೇ ದಿನ ಕರೆಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆದ ಚೀಟಿಯನ್ನು ಮಾತ್ರ ಎಲ್ಲರಿಗೂ ಕೊಟ್ಟೆ. ಒಬ್ಬಳಿಗೇ ಕೊಟ್ಟರೆ ಅದೇ ಅವಳ ಹಣೆಪಟ್ಟಿಯಾಗುತ್ತಿತ್ತು.

ಧ್ವನಿಮುದ್ರಣವನ್ನು ಬರಹಕ್ಕಿಳಿಸುವಾಗ ನನ್ನನ್ನು ಉಳಿಸಿದ್ದು ಚರ್ಚೆಗಳಲ್ಲಿ ಜೊತೆಗಿದ್ದ ನನ್ನ ಗೆಳತಿಯ ಟಿಪ್ಪಣಿ. ಯಾರು ಎಲ್ಲಿ ಕೂತಿದ್ದರು ಎಂಬ ನಕ್ಷೆ ಬರೆದು, ಪ್ರತಿ ಸಲ ಮಾತನಾಡಿದವರ ಮೊದಲ ಎರಡು ಮೂರು ಪದಗಳನ್ನು ಆಕೆ ಗುರುತು ಹಾಕಿಕೊಂಡಿದ್ದಳು. ಅದಿಲ್ಲದೆ ಏಳು ಹುಡುಗಿಯರ ದನಿಗಳನ್ನು ಬೇರ್ಪಡಿಸಲು ನನ್ನಿಂದಾಗುತ್ತಿರಲಿಲ್ಲ.

ಆದರೆ ದೊಡ್ಡ ತಪ್ಪನ್ನು ಆಮೇಲೆ ಮಾಡಿದೆ. ಇಂಗ್ಲಿಷಿಗೆ ತರುವಾಗ ‘ಬೇಜಾರ್’ ಬಂದಲ್ಲೆಲ್ಲ ‘ದುಃಖ’ ಎಂಬರ್ಥದ ಒಂದೇ ಪದ ಹಾಕಿ, ಎಷ್ಟು ಮಕ್ಕಳು ಅದನ್ನು ಹೇಳಿದರು ಎಂದು ಎಣಿಸಿದೆ. ಮಾರ್ಗದರ್ಶಕರು ಆ ಕೋಷ್ಟಕಕ್ಕೆ ಅಡ್ಡಗೆರೆ ಎಳೆದರು. ಆರು ಮಂದಿ ತಲೆಯಾಡಿಸಿದರೆ ಅದು ಆರು ಅಭಿಪ್ರಾಯವಲ್ಲ. ಯಾವ ಮಾತಿನ ನಂತರ ಯಾವ ಮಾತು ಬಂತು ನೋಡು ಎಂದರು. ಮೂಲ ಬರಹಕ್ಕೆ ಮರಳಿದಾಗ ಕಂಡಿತು: ಮೊಬೈಲ್ ಕಿತ್ತುಕೊಂಡಾಗಿನ ಬೇಜಾರು ಒಂದು, ಗೆಳತಿಯ ಮೇಲಿನ ಬೇಜಾರು ಇನ್ನೊಂದು. ಮೂರನೆಯದೇ ಬೇರೆ. ಯಾರಾದರೂ ‘ಡಿಪ್ರೆಶನ್’ ಎಂದ ಎರಡು ಮೂರು ಮಾತುಗಳೊಳಗೆ ಇನ್ನೊಬ್ಬಳು, ‘ಅದೆಲ್ಲ ಅಲ್ಲ, ಬೇಜಾರ್ ಅಷ್ಟೇ, ಟೀಚರ್’ ಎಂದು ಭಾರ ಇಳಿಸುತ್ತಿದ್ದಳು. ಆಮೇಲೆ ಮಾತು ಸಲೀಸಾಗಿ ಸಾಗುತ್ತಿತ್ತು. ಹುಡುಗರ ಗುಂಪುಗಳಲ್ಲಿ ಆ ಕೆಲಸವನ್ನು ನಗು ಮಾಡುತ್ತಿತ್ತು. ಪ್ರಬಂಧದ ಮುಖ್ಯ ವಿಷಯವೇ ಇದಾಯಿತು, ಪದವನ್ನು ಅನುವಾದಿಸದೆ ‘ಬೇಜಾರ್’ ಎಂದೇ ಉಳಿಸಿದೆ. ಈ ಇಳಿಸುವಿಕೆ ಗೆಳತಿಯನ್ನು ಕಾಯುವುದೋ ಬಾಯಿ ಮುಚ್ಚಿಸುವುದೋ ಎಂದು ಗುಂಪು ಚರ್ಚೆಯಿಂದ ಹೇಳಲಾಗದು. ಓರಗೆಯವರ ಎದುರು ಏನನ್ನು ಹೇಳಬಹುದು ಎಂಬುದಷ್ಟೇ ಅದರಲ್ಲಿ ಕಾಣುತ್ತದೆ.

ಓಣಂ ಪರೀಕ್ಷೆಯ ಮಾತನ್ನು ಪ್ರಬಂಧದಲ್ಲಿ ಉದ್ಧರಿಸಲಿಲ್ಲ. ನನ್ನ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಾಲು ಇರಲಿಲ್ಲ. ಆದರೆ ಹೆಸರು ತೆಗೆದರೂ ಆ ಚಾಪೆಯ ಮೇಲೆ ಕೂತಿದ್ದ ಉಳಿದ ಆರು ಮಂದಿಗೆ ಅದು ಯಾರದೆಂದು ಗೊತ್ತಾಗುತ್ತಿತ್ತು.