ಕೂತಿರುವುದು ಉಡುಪಿ, ತೋರಿಸುವುದು ಬೆಂಗಳೂರು: ಲೊಕೇಶನ್ ಸರಿ ಮಾಡುವುದು ಹೇಗೆ?

ಬನ್ನಂಜೆಯ ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ‘ಮಿಕ್ಸಿ ರಿಪೇರಿ’ ಎಂದು ಹುಡುಕುತ್ತೀರಿ. ಬರುವುದೆಲ್ಲ ಬೆಂಗಳೂರಿನ ಅಂಗಡಿಗಳು. ಆಗ ಜನ ಬ್ರೌಸರನ್ನೇ ತೆಗೆದು ಮತ್ತೆ ಹಾಕುತ್ತಾರೆ. ಅದರಿಂದ ಏನೂ ಆಗುವುದಿಲ್ಲ.

ಮೊದಲು ಗೂಗಲ್ ಪುಟದ ತೀರಾ ಕೆಳಗೆ ಹೋಗಿ. ಅಲ್ಲಿ ಊರಿನ ಹೆಸರಿರುತ್ತದೆ, ಅದು ಎಲ್ಲಿಂದ ಸಿಕ್ಕಿತು ಎಂದೂ ಇರುತ್ತದೆ. From your IP address ಎಂದಿದ್ದರೆ ಅದು ಬರೀ ಅಂದಾಜು. ಐಪಿ ಅಡ್ರೆಸ್ ಇಂಟರ್ನೆಟ್ ಕಂಪನಿಯದ್ದು, ನಿಮ್ಮ ಮನೆಯದ್ದಲ್ಲ. ಮೊಬೈಲ್ ಹಾಟ್‌ಸ್ಪಾಟ್ ಬಳಸುವಾಗ ಎಷ್ಟೋ ಜನ ಒಂದೇ ಅಡ್ರೆಸ್ ಹಂಚಿಕೊಂಡು ದೊಡ್ಡ ನಗರದ ಮೂಲಕ ಹೊರಗೆ ಹೋಗುತ್ತಾರೆ. ಹಾಗಾಗಿ ಊರು ತಪ್ಪುತ್ತದೆ.

ಅದರ ಪಕ್ಕದ Update location ಒತ್ತಿ. ಬ್ರೌಸರ್ ಅನುಮತಿ ಕೇಳಿದರೆ ಕೊಡಿ.

ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ. ಹಿಂದೆ ಯಾವತ್ತೋ Block ಒತ್ತಿದ್ದರೆ ಬ್ರೌಸರ್ ಮತ್ತೆ ಕೇಳುವುದೇ ಇಲ್ಲ, ಸುಮ್ನೆ ಇರುತ್ತದೆ. ಕ್ರೋಮ್‌ನಲ್ಲಾದರೆ ವಿಳಾಸ ಪಟ್ಟಿಯ ಎಡತುದಿಯ ಐಕಾನ್ ಒತ್ತಿ Location ಆನ್ ಮಾಡಿ. ಆಮೇಲೂ ಆಗದಿದ್ದರೆ ತಡೆ ವಿಂಡೋಸ್‌ನಲ್ಲಿರಬಹುದು. Settings ಒಳಗೆ Privacy & security, ಅದರೊಳಗೆ Location ತೆರೆಯಿರಿ. ಅಲ್ಲಿ ಲೊಕೇಶನ್ ಆಫ್ ಇದ್ದರೆ ಬ್ರೌಸರಿಗೆ ನೀವು ಕೊಟ್ಟ ಅನುಮತಿ ಉಪಯೋಗಕ್ಕೆ ಬರುವುದಿಲ್ಲ. ಎರಡೂ ಆನ್ ಆದ ಮೇಲೆ ಪುಟ ರಿಫ್ರೆಶ್ ಮಾಡಿ. ಕೆಳಗಿನ ಸಾಲು From your device ಎಂದು ಬದಲಾದರೆ ಅನುಮತಿ ಕೆಲಸ ಮಾಡಿದೆ ಎಂದರ್ಥ.

ಅಷ್ಟಾದರೂ ಬೆಂಗಳೂರೇ ಬಂತಾ? ರೂಟರ್ ಎಲ್ಲಿಯದ್ದು ನೋಡಿ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಜಿಪಿಎಸ್ ಇರುವುದಿಲ್ಲ. ಸುತ್ತಲಿನ ವೈಫೈ ರೂಟರುಗಳನ್ನು ನೋಡಿ ಜಾಗ ಲೆಕ್ಕ ಹಾಕುತ್ತವೆ. ಮಗ ಬೆಂಗಳೂರಿನ ರೂಮು ಖಾಲಿ ಮಾಡಿ ತಂದ ರೂಟರ್, ಅಕ್ಕಪಕ್ಕ ಬೇರೆ ವೈಫೈ ಇಲ್ಲದಿದ್ದರೆ, ಇನ್ನೂ ಬೆಂಗಳೂರಿನ ಲೆಕ್ಕದಲ್ಲೇ ಇರಬಹುದು. ಸರಿಯಾಗಲು ಸಮಯ ಬೇಕು. ಅಲ್ಲಿಯವರೆಗೆ ‘ಮಿಕ್ಸಿ ರಿಪೇರಿ ಉಡುಪಿ’ ಎಂದೇ ಟೈಪ್ ಮಾಡಿ. ನಾನಂತೂ ಯಾವಾಗಲೂ ಹಾಗೇ ಮಾಡುವುದು. ಲೊಕೇಶನ್ ಕೊಡುವುದಕ್ಕಿಂತ ಅದು ಬೇಗ.

ಶಾಪಿಂಗ್ ಸೈಟುಗಳದ್ದು ಸುಲಭ: ಪಿನ್‌ಕೋಡ್ ಜಾಗದಲ್ಲಿ 576101 ಹಾಕಿ, ಮಂಗಳೂರಿನವರು 575001. ಲಾಗಿನ್ ಆಗಿದ್ದರೆ ಹಳೆಯ ಡೆಲಿವರಿ ವಿಳಾಸವನ್ನೂ ಬದಲಿಸಿ.

ದೇಶವೇ ತಪ್ಪಿ ಬೆಲೆ ಡಾಲರಿನಲ್ಲಿ ಬಂದರೆ ಮೊದಲ ಅನುಮಾನ ನಿಮ್ಮ ಇಂಟರ್ನೆಟ್ಟನ್ನು ಬೇರೆ ದೇಶದ ಮೂಲಕ ಕಳಿಸುವ ವಿಪಿಎನ್ ಮೇಲೆ. ಫ್ರೀ ಎಂದು ಹಾಕಿಕೊಂಡ ವಿಪಿಎನ್ ಎಕ್ಸ್‌ಟೆನ್ಶನ್ ಇದ್ದರೆ ಕಿತ್ತು ಬಿಸಾಡಿ ಮಾರಾಯ್ರೆ. ‘ಲೊಕೇಶನ್ ಫಿಕ್ಸರ್’ ಎನ್ನುವ ಆ್ಯಪ್‌ಗಳೂ ಬೇಡ. google.co.in ಎಂದು ಟೈಪ್ ಮಾಡುವ ಹಳೆಯ ಉಪಾಯ 2017ರಿಂದ ನಡೆಯುವುದಿಲ್ಲ. ವಿಪಿಎನ್ ತೆಗೆದರೂ ಡಾಲರ್ ಹೋಗದಿದ್ದರೆ ಸೈಟು ಹಳೆಯ ದೇಶವನ್ನು ಕುಕಿಯಲ್ಲಿ ಇಟ್ಟುಕೊಂಡಿರಬಹುದು. ಆ ಒಂದು ಸೈಟಿನ ಕುಕಿ ಮಾತ್ರ ಅಳಿಸಿ. ಎಲ್ಲವನ್ನೂ ಅಳಿಸಿದರೆ ಬೇರೆ ಸೈಟುಗಳಿಗೂ ಮತ್ತೆ ಲಾಗಿನ್ ಆಗಬೇಕಾಗುತ್ತದೆ.