ತಗಡಿನ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸುವವರಿಗೆ ಒಂದು ಮಾತು

ರಾಯಚೂರು, ಕಲಬುರಗಿ ಕಡೆ ತಗಡಿನ ಶೀಟಿಗೆ ಪ್ಯಾನೆಲ್ ಅಂಟಿದ ಹಾಗೆ ಕೂರಿಸಬೇಡಿ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಲೆಕ್ಕ ಸೆಲ್ 25 ಡಿಗ್ರಿ ಇದ್ದಾಗಿನದು. ಏಪ್ರಿಲ್ ಮಧ್ಯಾಹ್ನ ಸೆಲ್ 65-70 ಡಿಗ್ರಿ ಮುಟ್ಟುತ್ತದೆ. ಒಂದೊಂದು ಡಿಗ್ರಿ ಏರಿದಂತೆ ಸುಮಾರು 0.35% ಉತ್ಪಾದನೆ ಇಳಿಯುತ್ತದೆ.

ಹಿಂದೆ ಗಾಳಿ ಆಡಿದರೆ ಸೆಲ್ 10 ಡಿಗ್ರಿ ತಣ್ಣಗಿರಬಹುದು. 540 ವ್ಯಾಟಿನ ಆರು ಪ್ಯಾನೆಲ್‌ಗೆ ಲೆಕ್ಕ ಹಾಕಿ: 3,240ರ 3.5%, ಅಂದರೆ ಬಿರುಬಿಸಿಲಲ್ಲಿ 110 ವ್ಯಾಟಿನಷ್ಟು ಜಾಸ್ತಿ. ಒಂದೆರಡು ಫ್ಯಾನ್ ತಿರುಗುತ್ತವೆ ಅಲ್ವಾ!

ಶೀಟಿಗೂ ಪ್ಯಾನೆಲ್ ಚೌಕಟ್ಟಿಗೂ ನಡುವೆ 10-15 ಸೆಂಟಿಮೀಟರ್ ಇರಲಿ. ಅಂದಾಜಿಗೆ ಅರ್ಧ ಗೇಣು, ಇಲ್ಲವೇ ತುಸು ಹೆಚ್ಚು. ಅದಕ್ಕಿಂತ ಎತ್ತರಿಸಿದರೆ ತಂಪು ಅಷ್ಟೇನೂ ಹೆಚ್ಚುವುದಿಲ್ಲ, ಮುಂಗಾರು ಪೂರ್ವದ ಬಿರುಗಾಳಿಗೆ ಎತ್ತುವ ಬಲ ಮಾತ್ರ ಏರುತ್ತದೆ. ಕೆಳಗೆ ನೆರಳಲ್ಲಿ ಓಡಾಡಬೇಕು ಅಂತ ಆಳೆತ್ತರ ಏರಿಸುವುದು ಬೇರೆ ಮಾತು, ಅದಕ್ಕೆ ಗಟ್ಟಿ ಕಂಬ ಬೇಕು.

ಸಂದು ಬಿಟ್ಟರೆ ಸಾಲದು, ಗಾಳಿ ಕೆಳಗಿನ ಅಂಚಿನಿಂದ ಒಳಹೊಕ್ಕು ಮೇಲಿನ ಅಂಚಿನಿಂದ ಹೊರಹೋಗಬೇಕು. ಪಾರಿವಾಳ ಬರುತ್ತವೆ ಅಂತ ಸುತ್ತ ತಗಡು ಬಡಿದರೆ ಕೆಲಸ ಕೆಟ್ಟಿತು. ಜಾಲರಿ ಹಾಕಿ.

ಅನುಮಾನವಿದ್ದರೆ ಮಧ್ಯಾಹ್ನ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಹಿಂಬದಿಗೆ ಹಿಡಿದು ನೋಡಿ. ಅಂಚಿನ ಪ್ಯಾನೆಲ್‌ಗಿಂತ ನಡುವಿನದು ತುಂಬಾ ಬಿಸಿ ಇದ್ದರೆ ಗಾಳಿ ಎಲ್ಲೋ ಕಟ್ಟಿಕೊಂಡಿದೆ.