ದರ ಏರಿಕೆಯ ಇಮೇಲ್: ಎರಡನೆಯ ಸಲ ನಾನು ಬರೆದ ರೀತಿ

ದರ ಏರಿಸುವ ಇಮೇಲಿನಲ್ಲಿ ಕಡಿಮೆ ದರದ ಯೋಜನೆಗೆ ಹೋಗುವ ದಾರಿಯನ್ನು ನಾವೇ ತೋರಿಸಬೇಕು ಎಂದು ನಾನು ಹೇಳಿದಾಗ ನನ್ನ ಪಾಲುದಾರರೂ ನಮ್ಮ ಲೆಕ್ಕಪತ್ರ ನೋಡುವವರೂ ಒಪ್ಪಲಿಲ್ಲ. "ಹೋಗುವವರಿಗೆ ಬಾಗಿಲು ತೆರೆದು ಹಿಡಿದ ಹಾಗಾಗುತ್ತದೆ" ಎಂಬುದು ಅವರ ಮಾತು. ಈಗ ಅವರೇ ಆ ಕರಡನ್ನು ಬೇರೆಯವರಿಗೆ ಕಳುಹಿಸಿ ತೋರಿಸುತ್ತಿರುವುದರಿಂದ, ಅದು ಹೇಗೆ ತಯಾರಾಯಿತು ಎಂದು ಬರೆದಿಡುತ್ತಿದ್ದೇನೆ.

ನಮ್ಮದು ಚಂದಾ ಆಧಾರದ ಬಿಲ್ಲಿಂಗ್ ತಂತ್ರಾಂಶ. ಚಂದಾದಾರರು ಸುಮಾರು 1,800. ಮಧ್ಯಮ ಯೋಜನೆಯ ಹಳೆಯ ದರವನ್ನು 100 ಎಂದು ಇಟ್ಟುಕೊಂಡರೆ, ಪ್ರಾಥಮಿಕ 60, ಪೂರ್ಣ 125 ಇದ್ದವು. ಪ್ರಾಥಮಿಕವನ್ನು 70ಕ್ಕೆ ಏರಿಸಿ, ಉಳಿದೆರಡನ್ನೂ ಸೇರಿಸಿ 130ರ ಒಂದೇ ಪೂರ್ಣ ಯೋಜನೆ ಮಾಡುವುದು ನಮ್ಮ ಉದ್ದೇಶವಾಗಿತ್ತು. ಪೆಟ್ಟು ಹೆಚ್ಚು ಬೀಳುತ್ತಿದ್ದುದು ಮಧ್ಯಮದಲ್ಲಿದ್ದ 700ರಷ್ಟು ಮಂದಿಗೆ. ಆದ್ದರಿಂದ ಮುಂದೆ ಹೇಳುವುದೆಲ್ಲ ಅವರಿಗೆ ಹೋದ ಇಮೇಲಿನ ಕಥೆ.

ಇದಕ್ಕೂ ಮೊದಲಿನ ಏರಿಕೆಯಲ್ಲಿ ನಾವು ಎಲ್ಲರಿಗೂ ಒಂದೇ ಇಮೇಲನ್ನು ಒಂದೇ ದಿನ ಕಳುಹಿಸಿದ್ದೆವು. ವಿಷಯದ ಸಾಲಿನಲ್ಲಿ "ನಮ್ಮ ಸೇವೆಯಲ್ಲಿ ಹೊಸತೇನಿದೆ" ಎಂದಿತ್ತು. ದರದ ಮಾತು ಬಂದದ್ದು ನಾಲ್ಕನೆಯ ಪ್ಯಾರಾದಲ್ಲಿ. ಓದದೆ ಬಿಟ್ಟವರಿಗೆ ಏರಿಕೆ ತಿಳಿದದ್ದು ಕಾರ್ಡಿನಿಂದ ಹಣ ಹೋದ ಮೇಲೆ. ಎರಡು ತಿಂಗಳಲ್ಲಿ ಶೇಕಡಾ 9ರಷ್ಟು ಮಂದಿ ಚಂದಾ ರದ್ದು ಮಾಡಿದರು. ಅದಕ್ಕಿಂತ ಹೆಚ್ಚು ನೋಯಿಸಿದ್ದು, 25ರಷ್ಟು ಮಂದಿ ನಮ್ಮನ್ನು ಕೇಳದೆ ನೇರವಾಗಿ ಬ್ಯಾಂಕಿಗೆ ತಕರಾರು ಕೊಟ್ಟದ್ದು. ತಕರಾರಿನಲ್ಲಿ ಹಣವೂ ಹಿಂದೆ ಹೋಗುತ್ತದೆ, ಅದರ ಮೇಲೆ ಪಾವತಿ ಸಂಸ್ಥೆ ಪ್ರತ್ಯೇಕ ಶುಲ್ಕವನ್ನೂ ಹಿಡಿಯುತ್ತದೆ. ಆ ಶುಲ್ಕ ನಮ್ಮ ಮಾಸಿಕ ಚಂದಾಕ್ಕಿಂತ ದೊಡ್ಡದಾಗಿತ್ತು.

ಈ ಸಲ ನಾನು ಬರೆಯಲು ಕೂರುವ ಮೊದಲು ಪಟ್ಟಿಯನ್ನು ಸರಿಮಾಡಿದೆ. ಸುದ್ದಿಪತ್ರದ ಪಟ್ಟಿಯನ್ನು ಮುಟ್ಟಲಿಲ್ಲ, ಏಕೆಂದರೆ ಸುದ್ದಿಪತ್ರ ಬೇಡವೆಂದವರಿಗೂ ದರದ ಸೂಚನೆ ತಲುಪಲೇಬೇಕು. ಬಿಲ್ಲಿಂಗ್ ದಾಖಲೆಯಿಂದಲೇ ಪ್ರತಿಯೊಬ್ಬರ ಯೋಜನೆ, ರಿಯಾಯಿತಿ ಕಳೆದು ನಿಜವಾಗಿ ಕಟ್ಟುತ್ತಿರುವ ಮೊತ್ತ, ತೆರಿಗೆ ಸೇರಿದ ಹೊಸ ಮೊತ್ತ ಮತ್ತು ಮುಂದಿನ ನವೀಕರಣದ ದಿನಾಂಕವನ್ನು ತೆಗೆದೆ. ಅವಧಿಯ ಕೊನೆಗೆ ರದ್ದಾಗಲಿರುವವರನ್ನೂ ಪಾವತಿ ವಿಫಲವಾಗಿ ಮರುಪ್ರಯತ್ನದಲ್ಲಿರುವವರನ್ನೂ ಬೇರೆ ಮಾಡಿದೆ. ಹೊರಡಲು ನಿಂತವರಿಗೆ ದರ ಏರಿಕೆಯ ಪತ್ರ ಹೋದರೆ ಬರುವ ಉತ್ತರವನ್ನು ನಾನು ಒಮ್ಮೆ ಓದಿದ್ದೇನೆ, ಅಷ್ಟೇ ಸಾಕು. ಹಳೆಯ ಕೂಪನ್‌ನಲ್ಲಿದ್ದ 60 ಮಂದಿಯ ಸಾಲಿನಲ್ಲಿ ಹೊಸ ಮೊತ್ತದ ಜಾಗವೇ ಖಾಲಿಯಿತ್ತು. ಹಾಗೆಯೇ ಕಳುಹಿಸಿದ್ದರೆ "ನಿಮ್ಮ ಹೊಸ ದರ ಆಗಿರುತ್ತದೆ" ಎಂಬ ವಾಕ್ಯ ಅವರ ಕೈಗೆ ಹೋಗುತ್ತಿತ್ತು. ಅಂದಿನಿಂದ, ಯಾವ ಜಾಗ ಖಾಲಿಯಿದ್ದರೂ ಆ ಪತ್ರ ಹೊರಡದಂತೆ ತಡೆ ಹಾಕಿದ್ದೇನೆ.

ವಿಷಯದ ಸಾಲು ಹೀಗಾಯಿತು: "ಜೂನ್ 14ರಿಂದ ನಿಮ್ಮ ಚಂದಾ ದರ 100ರಿಂದ 130ಕ್ಕೆ". ಪತ್ರದ ಮೊದಲ ಭಾಗ ಇಷ್ಟು:

"ನೀವು ಈಗ ಮಧ್ಯಮ ಯೋಜನೆಗೆ ತಿಂಗಳಿಗೆ 100 ಪಾವತಿಸುತ್ತಿದ್ದೀರಿ. ಈ ಯೋಜನೆಯನ್ನು ನಾವು ನಿಲ್ಲಿಸುತ್ತಿದ್ದೇವೆ. ನೀವು ಏನನ್ನೂ ಬದಲಿಸದಿದ್ದರೆ, ಜೂನ್ 14ರ ನವೀಕರಣದಂದು ಪೂರ್ಣ ಯೋಜನೆಗೆ ಸೇರುತ್ತೀರಿ ಮತ್ತು ನಿಮ್ಮ ಕಾರ್ಡಿನಿಂದ 130 ಕಡಿತವಾಗುತ್ತದೆ. ಒಬ್ಬರೇ ಬಳಸುವುದಾದರೆ 70ರ ಪ್ರಾಥಮಿಕ ಯೋಜನೆ ನಿಮಗೆ ಸಾಕಾಗಬಹುದು. ಜೂನ್ 13ರೊಳಗೆ ಆರಿಸಿಕೊಂಡರೆ 14ರಂದು 70 ಮಾತ್ರ ಕಡಿತವಾಗುತ್ತದೆ. ಇತರ ಬಳಕೆದಾರರ ದಾಖಲೆಗಳು ಅಳಿಯುವುದಿಲ್ಲ. ಅವುಗಳನ್ನು ನೋಡಬಹುದು, ತಿದ್ದಲಾಗದು."

ಏರಿಕೆಯ ಕಾರಣಕ್ಕೆ ಎರಡೇ ವಾಕ್ಯ ಕೊಟ್ಟೆ, ಅದೂ ಇದರ ಕೆಳಗೆ. ಮೊದಲ ಕರಡಿನಲ್ಲಿ ಆ ಎರಡು ವಾಕ್ಯ ಮೂರು ಪ್ಯಾರಾ ಆಗಿದ್ದವು. ಓದಿ ನೋಡಿದ ಗೆಳೆಯರೊಬ್ಬರು, ಇಷ್ಟು ಸಮಜಾಯಿಷಿ ಕೊಡುವವರ ಮೇಲೆ ಅನುಮಾನವೇ ಬರುತ್ತದೆ ಎಂದರು.

ಕಡಿಮೆ ದರದ ಯೋಜನೆಗೆ ಇಳಿಯುವ ಬದಲಾವಣೆ ಯಾವಾಗ ಜಾರಿಯಾಗಬೇಕು ಎಂಬುದರಲ್ಲಿ ನಾನು ಮೊದಲು ಎಡವಿದ್ದೆ. ಆರಿಸಿದ ಕ್ಷಣವೇ ಬದಲಿಸಿ, ಉಳಿದ ದಿನಗಳ ಹಣವನ್ನು ಖಾತೆಗೆ ಜಮಾ ಮಾಡುವುದು ನ್ಯಾಯವೆಂದುಕೊಂಡೆ. 30 ದಿನದ ಅವಧಿಯಲ್ಲಿ 12 ದಿನ ಉಳಿದಿರುವಾಗ ಒಬ್ಬರು ಇಳಿದರು ಎನ್ನಿ. ಹಳೆಯ ಯೋಜನೆಯ 12 ದಿನಕ್ಕೆ 40 ವಾಪಸು, ಹೊಸದರ 12 ದಿನಕ್ಕೆ 28 ಖರ್ಚು, ಉಳಿದ 12 ಜಮಾ. ಮುಂದಿನ ಬಿಲ್ 58 ಬರುತ್ತದೆ, ಅದರ ಮುಂದಿನದು 70. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಪರೀಕ್ಷೆಗೆಂದು ಆಯ್ದ 20 ಮಂದಿಯಲ್ಲಿ ಐವರು "ಮತ್ತೆ ಏರಿಸಿದಿರಾ?" ಎಂದು ಬರೆದರು. ಆ ಮೇಲೆ ಇಳಿಯುವುದನ್ನೆಲ್ಲ ನವೀಕರಣದ ದಿನಕ್ಕೇ ಜಾರಿ ಮಾಡಿದೆ. ಮೇಲಿನ ಯೋಜನೆಗೆ ಏರುವವರಿಗೆ ಮಾತ್ರ ತಕ್ಷಣ, ವ್ಯತ್ಯಾಸದ ಹಣ ಪಡೆದು.

ನಡುವೆ ಒಂದು ಜಾಣತನವನ್ನೂ ಮಾಡಲು ಹೋಗಿದ್ದೆ. ಇಮೇಲಿನ ಲಿಂಕನ್ನು ಒತ್ತಿದರೆ ಸಾಕು, ಲಾಗಿನ್ ಇಲ್ಲದೆಯೇ ಯೋಜನೆ ಬದಲಾಗುವಂತೆ ಮಾಡಿದೆ. ಕಳುಹಿಸಿದ ಅರ್ಧ ನಿಮಿಷದೊಳಗೆ 15 ಮಂದಿ ಪ್ರಾಥಮಿಕಕ್ಕೆ ಇಳಿದರು. ನಾನು ಹಿಗ್ಗಿದ್ದು ಸ್ವಲ್ಪ ಹೊತ್ತು ಮಾತ್ರ; ವಿಳಾಸಗಳನ್ನು ನೋಡಿದರೆ ಎಲ್ಲವೂ ಎರಡು ಮೂರು ಕಚೇರಿಗಳ ಡೊಮೇನಿನವು. ಆ ಕಚೇರಿಗಳ ಭದ್ರತಾ ತಂತ್ರಾಂಶ, ಒಳಬರುವ ಪತ್ರದ ಪ್ರತಿ ಲಿಂಕನ್ನೂ ತಾನೇ ತೆರೆದು ಪರಿಶೀಲಿಸುತ್ತಿತ್ತು. ಮನುಷ್ಯರು ಯಾರೂ ಪತ್ರವನ್ನು ಕಂಡೇ ಇರಲಿಲ್ಲ. ಈಗ ಲಿಂಕ್ ಲಾಗಿನ್ ಮಾಡಿಸಿ ಯೋಜನೆಯ ಪುಟಕ್ಕೆ ಒಯ್ಯುತ್ತದೆ, ಅಲ್ಲಿ ಪ್ರಾಥಮಿಕ ಮೊದಲೇ ಆಯ್ಕೆಯಾಗಿರುತ್ತದೆ, "ಖಚಿತಪಡಿಸಿ" ಗುಂಡಿಯನ್ನು ಒತ್ತಿದಾಗಲೇ ಬದಲಾಗುತ್ತದೆ. ಗುಂಡಿಯ ಮೇಲ್ಗಡೆ ಮುಂದಿನ ಕಡಿತದ ದಿನಾಂಕವೂ ಮೊತ್ತವೂ ಕಾಣುತ್ತವೆ.

ಎಷ್ಟು ಮಂದಿ ಪತ್ರ ತೆರೆದರು ಎಂಬ ಅಂಕಿಯನ್ನು ನಾನು ನೋಡುವುದನ್ನೇ ಬಿಟ್ಟಿದ್ದೇನೆ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಗೋಪ್ಯತಾ ರಕ್ಷಣೆ ತಂದ ಮೇಲೆ, ಅದನ್ನು ಆನ್ ಮಾಡಿಕೊಂಡವರ ಪತ್ರದ ಚಿತ್ರಗಳು ಅವರು ತೆರೆಯುವ ಮೊದಲೇ ಇಳಿದಿರುತ್ತವೆ. ಚಿತ್ರ ಇಳಿದರೆ ಪತ್ರ ತೆರೆದಂತೆ ಎಂದೇ ಆ ಅಂಕಿ ಎಣಿಸುವುದರಿಂದ, ತೆರೆದವರೂ ತೆರೆಯದವರೂ ಒಂದೇ ಲೆಕ್ಕಕ್ಕೆ ಸೇರುತ್ತಾರೆ. ಯೋಜನೆಯ ಪುಟಕ್ಕೆ ಲಾಗಿನ್ ಆಗಿ ಬಂದವರನ್ನು ಎಣಿಸಿದೆ. ನವೀಕರಣಕ್ಕೆ 30 ದಿನ ಇರುವಾಗ ಮೊದಲ ಪತ್ರ ಹೋಗಿರುತ್ತದೆ. ಪುಟಕ್ಕೆ ಬಾರದವರಿಗೆ ಮಾತ್ರ 7 ದಿನ ಇರುವಾಗ ನಾಲ್ಕು ಸಾಲಿನ ನೆನಪೋಲೆ ಹೋಗುತ್ತದೆ. ದಿನಕ್ಕೆ 50ಕ್ಕಿಂತ ಹೆಚ್ಚು ಕಳುಹಿಸಲಿಲ್ಲ, ಏಕೆಂದರೆ ಬರುವ ಉತ್ತರಗಳಿಗೆ ಅಂದೇ ಜವಾಬು ಕೊಡುವವನು ನಾನೊಬ್ಬನೇ. ಮೊದಲ 50 ಮಂದಿಯನ್ನು ಹೇಗೆ ಆರಿಸಿದೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅರ್ಧ ಗೆಲುವು ಅದರಲ್ಲಿದೆ.

ಮಧ್ಯಮದ 700ರಲ್ಲಿ 20ರಷ್ಟು ಮಂದಿ ಬಿಟ್ಟುಹೋದರು, 85ರಷ್ಟು ಮಂದಿ ಪ್ರಾಥಮಿಕಕ್ಕೆ ಇಳಿದರು, ಬ್ಯಾಂಕಿನ ತಕರಾರು ಎರಡೇ. ಆ ಗುಂಪಿನ ಆದಾಯ ಶೇಕಡಾ 18ರಿಂದ 19ರಷ್ಟು ಹೆಚ್ಚಿತು. ಇಳಿದವರಲ್ಲಿ ಹತ್ತು ಹನ್ನೆರಡು ಮಂದಿ ಮೂರು ತಿಂಗಳೊಳಗೆ ತಾವಾಗಿಯೇ ಪೂರ್ಣ ಯೋಜನೆಗೆ ಬಂದರು. ಎರಡನೆಯ ಬಳಕೆದಾರರು ತಿದ್ದಲಾಗದೆ ಒದ್ದಾಡಿದ್ದೇ ಕಾರಣವೆಂದು ಅವರ ಪತ್ರಗಳಿಂದ ತಿಳಿಯಿತು. ವಾರ್ಷಿಕ ಚಂದಾದಾರರ ಪತ್ರ ಇನ್ನೂ ಬಾಕಿಯಿದೆ. ಅವರಿಗೆ ಏರಿಕೆ ತಟ್ಟುವುದು ವರ್ಷ ತುಂಬಿದ ಮೇಲೆ. ಹಾಗಾಗಿ "ನಿಮ್ಮ ದರ ಸದ್ಯ ಬದಲಾಗುತ್ತಿಲ್ಲ" ಎಂಬುದನ್ನೇ ವಿಷಯದ ಸಾಲಿನಲ್ಲಿ ಇಟ್ಟು ಕರಡು ಮಾಡಿದ್ದೇನೆ; ಪಾಲುದಾರರು ಈ ಸಲ ತಕರಾರು ತೆಗೆದಿಲ್ಲ.